ದೀಪದ ಬೆನ್ನಿನ ನಂಬರು

ಜಯನಗರದಲ್ಲಿ ಆಟೋ ತಾಗಿ ಒಡೆದ ನನ್ನ ಕಾರಿನ ಹೆಡ್‌ಲೈಟು ಹೊಸದಾಗಿ ಬಂತು. ಬಾನೆಟ್ಟಿನ ಪಕ್ಕ ಮಾತ್ರ ಬೆರಳು ತೂರುವಷ್ಟು ಸಂದಿ. ಎಸ್ಟಿಮೇಟಿನಲ್ಲಿ ಕಂಪನಿಯ ಪಾರ್ಟ್ ನಂಬರಿತ್ತು, ದೀಪದ ಬೆನ್ನಲ್ಲಿ ಏನೂ ಇರಲಿಲ್ಲ.

“ಎಲ್ಲಾ ಒಂದೇ ಸಾರ್, ಬೆಳಕು ಬಂದ್ರಾಯ್ತಲ್ಲ” ಅಂದರು ಗ್ಯಾರೇಜಿನವರು. ಹೇಗೆ ಒಂದೇ? ನನ್ನದು ಝೀರೋ ಡೆಪ್ ಪಾಲಿಸಿಯಲ್ಲ. ಪ್ಲಾಸ್ಟಿಕ್ ಭಾಗಕ್ಕೆ ಶೇ. 50 ಸವಕಳಿ ನನ್ನ ಜೇಬಿನಿಂದಲೇ, ಅದೂ ಅಸಲಿ ಬೆಲೆಯ ಮೇಲೆ.

ತೃಪ್ತಿಪತ್ರಕ್ಕೆ ಸಹಿ ಹಾಕಲಿಲ್ಲ. ಸರ್ವೇಯರ್ ವರದಿ, ಬಿಡಿಭಾಗದ ಬಿಲ್ಲು, ಸಂದಿಯ ಫೋಟೊ ಸೇರಿಸಿ ಮರುಪರಿಶೀಲನೆ ಕೇಳಿ ವಿಮಾ ಕಂಪನಿಗೆ ಬರೆದೆ. ತಿಂಗಳಾದರೂ ಉತ್ತರ ಬಾರದಿದ್ದರೆ ಜೆ.ಪಿ. ನಗರದಲ್ಲೇ ವಿಮಾ ಓಂಬುಡ್ಸ್‌ಮನ್ ಕಚೇರಿಯಿದೆ. ಶುಲ್ಕವಿಲ್ಲ, ವಕೀಲರೂ ಬೇಡ. ಅಷ್ಟು ದೂರ ಹೋಗಲಿಲ್ಲ. ಹತ್ತನೇ ದಿನ ಸರ್ವೇಯರ್ ಬಂದು, ದೀಪ ಕಳಚಿಸಿ, ಬೆನ್ನು ತಿರುಗಿಸಿ ನೋಡಿದರು.