ಅಜ್ಜಿಯ ಬ್ಯಾನರಿನಲ್ಲಿ ಉಳಿದ ಹಳೇ ಅಕ್ಷರ

ಸುದ್ದಿ ಕಳಿಸಿ ಬರುವ ದುಡ್ಡು ನನ್ನ ಬೈಕಿನ ಪೆಟ್ರೋಲಿಗೇ ಸರಿಹೋಗುತ್ತದೆ. ಹಾಗಾಗಿ ಸಂಜೆ ಹೊತ್ತು ಬೈಲಹೊಂಗಲದಲ್ಲಿ ಫ್ಲೆಕ್ಸ್ ಡಿಸೈನ್ ಮಾಡುತ್ತೇನೆ. ಅಕ್ಟೋಬರಿನಲ್ಲಿ ಕಿತ್ತೂರು ಉತ್ಸವಕ್ಕೆ, ಹುಣ್ಣಿಮೆಗಳಲ್ಲಿ ಸವದತ್ತಿ ಯಲ್ಲಮ್ಮನ ಜಾತ್ರೆಗೆ ಶುಭಾಶಯದ ಬ್ಯಾನರು ಬರುತ್ತವೆ. ಉಳಿದ ದಿನ ಹುಟ್ಟುಹಬ್ಬ ಇಲ್ಲವೇ ಶ್ರದ್ಧಾಂಜಲಿ.

ರಾಮದುರ್ಗದ ಕಡೆಯ ರೈತರೊಬ್ಬರು ಅವ್ವನ ವರ್ಷದ ಪೂಜೆಗೆ ಬ್ಯಾನರು ಕೇಳಿಕೊಂಡು ಬಂದರು. ಅಜ್ಜಿಯದು ಇದ್ದದ್ದು ಒಂದೇ ಫೋಟೊ, ಅದೂ ಹಿಂದಿನ ಬ್ಯಾನರಿನೊಳಗೆ. ಮೂಲ ಫೈಲ್ ಕಳೆದುಹೋಗಿತ್ತು. ಉಳಿದದ್ದು ವಾಟ್ಸ್ಯಾಪ್‌ನಲ್ಲಿ ಬಂದಿದ್ದ ಜೆಪೆಗ್ ಚಿತ್ರ ಮಾತ್ರ. ‘ಭಾವಪೂರ್ಣ ಶ್ರದ್ಧಾಂಜಲಿ’ ಅಳಿಸಿ ‘ಪ್ರಥಮ ಪುಣ್ಯಸ್ಮರಣೆ’ ಬರೆಯಬೇಕು. ಅಕ್ಷರದ ಹಿಂದಿನ ಬಣ್ಣ ಮೇಲೆ ಕಡು ಕೆಂಪು, ಕೆಳಗೆ ಬರುತ್ತ ಬರುತ್ತ ಹಳದಿ. ಇದಕ್ಕೇ ಗ್ರೇಡಿಯೆಂಟ್ ಅನ್ನುವುದು.

ಅವಸರದಲ್ಲಿದ್ದೆ. ಅಕ್ಷರಗಳನ್ನು ಸೆಲೆಕ್ಟ್ ಮಾಡಿ Edit > Content-Aware Fill ಕೊಟ್ಟೆ. ಲ್ಯಾಪ್‌ಟಾಪಿನಲ್ಲಿ ಚೊಕ್ಕ ಕಂಡಿತು, ಪ್ರಿಂಟಿಗೆ ಕಳಿಸಿದೆ. ಮರುದಿನ ಮುಂಜಾನೆ ಫೋನು ಬಂತು.

‘ಸರ, ಅವ್ವನ ಹೆಸರಿನ ಮ್ಯಾಲ ಹಳೇ ಅಕ್ಷರ ದೆವ್ವ ನಿಂತಂಗ ಕಾಣಸ್ತಾವ್ರೀ. ಮಂದಿ ಓದಾಕತ್ತಾರ.’

ಹೋಗಿ ನೋಡಿದೆ. ಬಿಸಿಲಿಗೆ ‘ಶ್ರದ್ಧಾಂಜಲಿ’ಯ ಅಂಚು ಮಸುಕಾಗಿ ಓದಲು ಬರುತ್ತಿತ್ತು. ಅದರ ನಡುವೆ ಫೋಟೊದ ಹಾರದಿಂದ ಕಿತ್ತು ತಂದ ಚೆಂಡುಹೂವಿನ ಒಂದೆರಡು ಎಸಳು ಬೇರೆ.

ತಪ್ಪು ಎರಡು. ಜೆಪೆಗ್‌ನಲ್ಲಿ ಅಕ್ಷರದ ಬಣ್ಣ ಅಕ್ಷರದ ಗೆರೆಗೇ ನಿಲ್ಲುವುದಿಲ್ಲ, ಸುತ್ತ ಕೆಲವು ಪಿಕ್ಸೆಲ್‌ವರೆಗೆ ಕೊಳೆಯಂತೆ ಹರಡಿರುತ್ತದೆ. ನಾನು ಅಕ್ಷರಕ್ಕೆ ತೀರ ಒತ್ತಿ ಸೆಲೆಕ್ಟ್ ಮಾಡಿದ್ದರಿಂದ ಆ ಕೊಳೆ ಹಾಗೇ ಉಳಿಯಿತು. ಚಿತ್ರದ ಅಗಲ 1600 ಪಿಕ್ಸೆಲ್, ಬ್ಯಾನರಿನ ಅಗಲ 6 ಅಡಿ. ಅಂದರೆ ಒಂದೊಂದು ಪಿಕ್ಸೆಲ್ಲೂ ಒಂದು ಮಿಲಿಮೀಟರಿಗಿಂತ ದಪ್ಪ. ನಾಲ್ಕು ಪಿಕ್ಸೆಲ್ ಕೊಳೆ ಬಟ್ಟೆಯ ಮೇಲೆ ಅರ್ಧ ಸೆಂಟಿಮೀಟರಿನ ಹತ್ತಿರ ಬರುತ್ತದೆ.

ಎರಡನೆಯದು, ಕಂಟೆಂಟ್-ಅವೇರ್ ಫಿಲ್ ಬಣ್ಣವನ್ನು ಹೊಸದಾಗಿ ಕಲಸುವುದಿಲ್ಲ. ಚಿತ್ರದ ಬೇರೆ ಜಾಗದ ತುಂಡು ತಂದು ತೇಪೆ ಹಾಕುತ್ತದೆ. ಹುಲ್ಲು, ಮಣ್ಣು, ಕಲ್ಲಿನ ಗೋಡೆಯಾದರೆ ತೇಪೆ ಕಾಣದು. ಗ್ರೇಡಿಯೆಂಟಿನಲ್ಲಿ ಪ್ರತಿ ಎತ್ತರಕ್ಕೂ ಬೇರೆ ಬಣ್ಣ, ತುಂಡು ಸ್ವಲ್ಪ ಮೇಲಿನದೋ ಕೆಳಗಿನದೋ ಆದರೆ ಕಲೆಯಾಗುತ್ತದೆ.

ಮತ್ತೆ ಕೂತೆ. ಸೆಲೆಕ್ಷನ್ನನ್ನು Select > Modify > Expand ನಿಂದ 5 ಪಿಕ್ಸೆಲ್ ಹಿಗ್ಗಿಸಿ, ಹೊಸ ಲೇಯರ್ ತೆಗೆದುಕೊಂಡು, ಈ ಸಲ ಕ್ಲೋನ್ ಸ್ಟ್ಯಾಂಪ್ ಹಿಡಿದೆ. ಮೇಲಿನ ಪಟ್ಟಿಯಲ್ಲಿ Sample ಅನ್ನು Current & Below ಮಾಡಬೇಕು, ಇಲ್ಲದಿದ್ದರೆ ಖಾಲಿ ಲೇಯರ್‌ನಿಂದ ಏನೂ ಬರುವುದಿಲ್ಲ. ಇಲ್ಲೂ ಮೊದಲು ಎಡವಿದೆ. ಅಕ್ಷರದ ಕೆಳಗಿನ ಬಣ್ಣ ಎತ್ತಿ ಮೇಲೆ ಹಚ್ಚಿದ್ದಕ್ಕೆ ಹಳದಿ ಪಟ್ಟೆ ಬಿತ್ತು. ಆಮೇಲೆ ಹೊಳೆಯಿತು: ಬಣ್ಣ ಮೇಲಿಂದ ಕೆಳಕ್ಕೆ ಬದಲಾಗುತ್ತಿದ್ದರೆ ಅಡ್ಡಕ್ಕೆ ಹೋಗಬೇಕು. ಒಂದೇ ಎತ್ತರದಲ್ಲಿ ಎಡದಂಚಿಗೂ ನಡುವಿಗೂ ಬಣ್ಣ ಒಂದೇ. Ctrl+R ಒತ್ತಿ ರೂಲರಿನಿಂದ ಅಡ್ಡ ಗೈಡ್ ಎಳೆದೆ, ಅದರ ಮೇಲೇ Alt ಹಿಡಿದು ಖಾಲಿ ಅಂಚಿನಿಂದ ಬಣ್ಣ ಎತ್ತಿ, ಅದೇ ಗೈಡಿನ ಮೇಲೆ ಅಕ್ಷರಕ್ಕೆ ಹಚ್ಚಿದೆ. ಬ್ರಷ್ ಅಂಚು ಮೆದು, Aligned ಆನ್. ನಾಲ್ಕು ಮೂಲೆಗೂ ನೆರಳು ಹಾಕಿದ ಚಿತ್ರಕ್ಕೆ ಈ ಉಪಾಯ ನಡೆಯುವುದಿಲ್ಲ, ಅಲ್ಲಿ ಅಡ್ಡಕ್ಕೂ ಬಣ್ಣ ಬದಲಾಗುತ್ತದೆ.

ಒಂದು ಅಕ್ಷರ ಮಾತ್ರ ಹಾರಕ್ಕೆ ತಾಗಿತ್ತು. ಅಲ್ಲಿ ಬ್ರಷ್ ಆಡಿಸಲು ಜಾಗವಿರಲಿಲ್ಲ, ಮತ್ತೆ ಕಂಟೆಂಟ್-ಅವೇರ್ ಫಿಲ್ಲೇ ಬೇಕಾಯಿತು. ಈ ಬಾರಿ ಹಸಿರು ಬಣ್ಣದಲ್ಲಿ ತೋರಿಸುವ ಸ್ಯಾಂಪಲ್ ಜಾಗದಿಂದ ಹಾರವನ್ನೂ ಫೋಟೊವನ್ನೂ ಬ್ರಷ್‌ನಿಂದ ಅಳಿಸಿದೆ, Color Adaptation ಅನ್ನು Very High ಗೆ ಇಟ್ಟೆ. ತಂದ ತುಂಡಿನ ಬಣ್ಣವನ್ನು ಸುತ್ತಲಿನದಕ್ಕೆ ಹೊಂದಿಸುವುದು ಅದರ ಕೆಲಸ. ಅಷ್ಟು ಸಣ್ಣ ಜಾಗಕ್ಕೆ ಸಾಕಾಯಿತು. (ಇದೆಲ್ಲ ಬ್ಯಾನರಿಗೆ. ಸುದ್ದಿಯ ಫೋಟೊದಲ್ಲಿ ಈ ಎರಡು ಟೂಲನ್ನೂ ನಾನು ಮುಟ್ಟುವುದಿಲ್ಲ.)

ಕಳಿಸುವ ಮುಂಚೆ ಎಲ್ಲದರ ಮೇಲೆ Curves ಲೇಯರ್ ಹಾಕಿ, ಗೆರೆಯನ್ನು ನೆಟ್ಟಗೆ ನಿಲ್ಲುವಷ್ಟು ಕಡಿದಾಗಿಸಿ ನೋಡಿದೆ. ಬಣ್ಣ ವಿಕಾರವಾಗುತ್ತದೆ, ಆದರೆ ಅಡಗಿದ ಕಲೆ ಎದ್ದು ಕಾಣುತ್ತದೆ. ‘ದ್ಧಾಂ’ ಇದ್ದ ಜಾಗದಲ್ಲಿ ಒಂದು ಕಲೆ ಸಿಕ್ಕಿತು, ಸರಿಮಾಡಿದೆ. ಮೊದಲ ಸಲ ಈ ಎರಡು ನಿಮಿಷದ ಪರೀಕ್ಷೆ ಮಾಡಿರಲಿಲ್ಲ. ಕೊನೆಗೆ ಆ ಲೇಯರ್ ಅಳಿಸಿ ಸೇವ್ ಮಾಡಿದೆ.

ಎರಡನೇ ಬ್ಯಾನರಿನ ಖರ್ಚು ನನ್ನದೇ. ಪೂಜೆಯ ಹಿಂದಿನ ಸಂಜೆ ಕಟ್ಟಿ ಬಂದೆ. ಮೊದಲಿನದನ್ನು ಅವರು ಎಸೆದಿಲ್ಲ. ಅಜ್ಜಿಯ ಮುಖವಿದ್ದ ಭಾಗ ಕತ್ತರಿಸಿ ಒಳಗಿಟ್ಟುಕೊಂಡು, ಉಳಿದದ್ದನ್ನು ಮೇವಿನ ಬಣವೆಗೆ ಹೊದಿಸಿದ್ದಾರೆ.