ಗುಮ್ಮಟ ಕತ್ತರಿಸಿದ ಕಥೆ

ನಾವು ನಾಲ್ವರು. ಇಬ್ಬರು ವಿಜಯಪುರ ಸಿಟಿಯವರು, ಒಬ್ಬ ತಿಕೋಟಾ, ಒಬ್ಬ ಬಬಲೇಶ್ವರ. ಟೆಕ್ ಫೆಸ್ಟಿಗೆ ಏನು ಮಾಡೋಣ ಅಂತ ಕೇಳಿದಾಗ ನಾಲ್ವರ ಬಾಯಲ್ಲೂ ಒಂದೇ ಮಾತು: ಗೋಳಗುಮ್ಮಟ. FreeCADನಲ್ಲಿ ಮಾಡೆಲ್ ಮಾಡಿ, 1:400 ಅಳತೆಯಲ್ಲಿ ತ್ರೀಡಿ ಪ್ರಿಂಟ್ ತೆಗೆಯೋದು ಪ್ಲಾನ್.

ಎರಡು ದಿನದಲ್ಲಿ ಮಾಡೆಲ್ ರೆಡಿ. ಚೌಕದ ಕಟ್ಟಡ, ನಾಲ್ಕು ಮೂಲೆಗೆ ಮಿನಾರು, ಚಾವಣಿಗೆ 95 ಮಿ.ಮೀ. ತೂತು, ಅದರ ಮೇಲೆ ಗುಮ್ಮಟ. ತಿರುಗಿಸಿ ತಿರುಗಿಸಿ ನೋಡಿದೆವು. ಫೋಟೋ ಜೊತೆ ಹೋಲಿಸಿದರೆ ಅಚ್ಚು ಹಾಕಿದಂಗೆ ಇತ್ತು. ಬಬಲೇಶ್ವರದ ಗೆಳೆಯ ಮಾತ್ರ, "ಒಳಗ ಏನೈತಿ ಅಂತ ಒಮ್ಮೆ ಕತ್ತರಿಸಿ ನೋಡೂಣು ತಡೀರಿ" ಅಂದ.

ಮೊದಲು Clipping plane ಒತ್ತಿದೆವು. ಗೋಡೆ ಟೊಳ್ಳು ಡಬ್ಬಿಯಂತೆ ಕಂಡಿತು, ಎದೆ ಧಸಕ್ಕೆಂದಿತು. ಆಮೇಲೆ ಗೊತ್ತಾಯಿತು, ಅದು ಬರೀ ಚಿತ್ರದ ಅರ್ಧ ಭಾಗವನ್ನು ಮರೆಮಾಡುತ್ತೆ, ಕತ್ತರಿಸಿದ ಮುಖವನ್ನು ತುಂಬಲ್ಲ. Persistent section cut ಬಳಸಿದರೆ ಮುಖ ತುಂಬಿ ಬರುತ್ತೆ. ಎಲ್ಲಿ ಗಟ್ಟಿ, ಎಲ್ಲಿ ಖಾಲಿ ಅಂತ ಆಗ ನಂಬಬಹುದು. ಎರಡರಲ್ಲೂ ಮೂಲ ಮಾಡೆಲ್ ಹಾಗೇ ಇರುತ್ತೆ.

ಈಗ ನೆಲಕ್ಕೆ ಸಮಾನಾಂತರವಾದ ಪ್ಲೇನನ್ನು ಕೆಳಗಿನಿಂದ ಮೇಲಕ್ಕೆ ಸರಿಸುತ್ತಾ ಹೋದೆವು. ಚೌಕ, ಚೌಕ, ಚೌಕ, ಆಮೇಲೆ ಒಮ್ಮೆಲೇ ವೃತ್ತ. ನಡುವೆ ಏನೂ ಇಲ್ಲ. ಪಿಸುಗುಟ್ಟುವ ಗ್ಯಾಲರಿಯೇ ಇರಲಿಲ್ಲ! ಸಣ್ಣಂದಿನಿಂದ ಅಲ್ಲಿ ನಿಂತು ಕೂಗಿದವರು ನಾವು. ಹೊರಗಿನ ಫೋಟೋ ನೋಡಿ ಕಟ್ಟಿದ್ದರಿಂದ ಅದನ್ನೇ ಬಿಟ್ಟಿದ್ದೆವು.

ಜೇಮ್ಸ್ ಫರ್ಗುಸನ್ ಕೊಟ್ಟ ಅಳತೆ ಹುಡುಕಿ ತೆಗೆದೆವು. ಒಳಗಿನ ಹಾಲು 135 ಅಡಿ ಚೌಕ. 57 ಅಡಿ ಎತ್ತರದಿಂದ ಅದು ಒಳಮುಖವಾಗಿ ಕಿರಿದಾಗುತ್ತೆ. ಎರಡು ಚೌಕಗಳನ್ನು ಒಂದರ ಮೇಲೊಂದು ತಿರುಗಿಸಿಟ್ಟಂತೆ ಎಂಟು ಕಮಾನುಗಳು ಒಂದನ್ನೊಂದು ದಾಟಿ ಹೋಗುತ್ತವೆ. 109 ಅಡಿ 6 ಇಂಚಿನಲ್ಲಿ ಉಳಿಯುವ ಬಾಯಿ 97 ಅಡಿ ವ್ಯಾಸದ ವೃತ್ತ. ಅದರ ಮೇಲಿನ ಗುಮ್ಮಟದ ಒಳವ್ಯಾಸ ಮಾತ್ರ ಸುಮಾರು 124 ಅಡಿ. ಅಂದರೆ ಬಾಯಿಗಿಂತ ಗುಮ್ಮಟ ದೊಡ್ಡದು. ಸುತ್ತಲೂ ಉಳಿಯುವ ಹದಿಮೂರು ಅಡಿ ಅಂಚೇ ಗ್ಯಾಲರಿ. ಫರ್ಗುಸನ್ ಪ್ರಕಾರ ಒಳಕ್ಕೆ ಚಾಚಿದ ಈ ಕಲ್ಲಿನ ಭಾರವೇ ಗುಮ್ಮಟ ಗೋಡೆಯನ್ನು ಹೊರಕ್ಕೆ ತಳ್ಳುವುದಕ್ಕೆ ಎದುರಾಗಿ ನಿಲ್ಲುತ್ತೆ. 1656ರ ಹೊತ್ತಿಗೆ ಕಟ್ಟಿ ಮುಗಿಸಿದವರು ಇದನ್ನೆಲ್ಲ ಒಳಗಡೆ ಇಟ್ಟಿದ್ದಾರೆ. ಹೊರಗೆ ಕಾಣೋದು ಒಂದು ಚೌಕ, ಒಂದು ಗುಮ್ಮಟ, ಅಷ್ಟೇ.

ಮತ್ತೆ ಕಟ್ಟಿದೆವು. ಈ ಸಲ ಪ್ಲೇನ್ ಸರಿಸಿದರೆ ಚೌಕ, ನಕ್ಷತ್ರ, 74 ಮಿ.ಮೀ. ವೃತ್ತ, ಥಟ್ಟನೆ 95 ಮಿ.ಮೀ. ವೃತ್ತ. ಆ ಜಿಗಿತ ಕಂಡಾಗ ರೂಮಿನಲ್ಲಿ ಸಿಳ್ಳೆ ಬಿತ್ತು.

ಪ್ರಿಂಟಿಗೆ ಕೊಡುವ ಹಿಂದಿನ ರಾತ್ರಿ ಮೆಸ್ಸಿನಲ್ಲಿ ತಿಕೋಟಾದ ಗೆಳೆಯ ಇಂಡಿ ನಿಂಬೆ ಹೆಚ್ಚುತ್ತಿದ್ದ. ಅಡ್ಡ ಕೊಯ್ದರೆ ಗಾಲಿಯ ಕಡ್ಡಿಗಳಂತೆ ತೊಳೆಗಳೆಲ್ಲ ಕಾಣುತ್ತವೆ, ಉದ್ದಕ್ಕೆ ಕೊಯ್ದರೆ ಬೇರೇನೇ. "ನಾವು ಗುಮ್ಮಟ ಅಡ್ಡ ಅಷ್ಟ ಕೊಯ್ದೀವಲೇ, ಉದ್ದಕ ಕೊಯ್ದೇ ಇಲ್ಲ" ಅಂದ. ಊಟ ಬಿಟ್ಟು ಎದ್ದೆವು.

ಲಂಬವಾದ ಪ್ಲೇನನ್ನು ಸರಿಯಾಗಿ ನಡುವೆ ಇಟ್ಟೆವು. ಗ್ಯಾಲರಿಗೂ ಗುಮ್ಮಟಕ್ಕೂ ನಡುವೆ ಕೂದಲೆಳೆಯಂಥ ಬಿಳಿ ಗೆರೆ. ಝೂಮ್ ಮಾಡಿದರೆ 0.4 ಮಿ.ಮೀ. ಸಂದು! ಗ್ಯಾಲರಿ ಬಿಡಿಸಿದವರು 109 ಅಡಿ 6 ಇಂಚನ್ನು 83.4 ಮಿ.ಮೀ. ಮಾಡಿದ್ದರು. ಗುಮ್ಮಟ ಬಿಡಿಸಿದವರು 110 ಅಡಿ ಅಂತ ಹಿಡಿದು 83.8 ಮಾಡಿದ್ದರು. ನಿಜವಾದ ಕಟ್ಟಡದಲ್ಲಾದರೆ ಅರ್ಧ ಅಡಿ ಗಾಳಿಯ ಮೇಲೆ ಗುಮ್ಮಟ ಕೂತಂತೆ. ಹೊರಗೆ ಬುಡದ ಸುತ್ತ ಇರುವ ದಳಗಳ ಸಾಲು ಸಂದನ್ನು ಮುಚ್ಚಿತ್ತು. ಅಡ್ಡ ಪ್ಲೇನನ್ನು ನಾವು ಒಂದೊಂದು ಮಿ.ಮೀ. ಸರಿಸಿದ್ದೆವು: 83, ಆಮೇಲೆ 84. ಸಂದು ಎರಡರ ನಡುವೆ ಅಡಗಿ ಕೂತಿತ್ತು. ಸಂದಿಗೆ ಸಮಾನಾಂತರವಾಗಿ ಕತ್ತರಿಸಿದರೆ ಅದನ್ನು ಹಾರಿಬಿಡಬಹುದು. ಅದನ್ನು ದಾಟಿ ಹೋಗುವಂತೆ ಕತ್ತರಿಸಿದರೆ ಅದು ತಪ್ಪಿಸಿಕೊಳ್ಳಲ್ಲ.

ಎತ್ತರ ಸರಿಮಾಡಿ, ಮೂರನ್ನೂ ಒಂದೇ ಸಾಲಿಡ್ ಮಾಡಿ, ಮತ್ತೆ ಎರಡೂ ಕಡೆ ಕತ್ತರಿಸಿದೆವು. ಗೆರೆ ಇರಲಿಲ್ಲ. ಪ್ರಿಂಟನ್ನು ಮಾತ್ರ ಇಡೀ ಗುಮ್ಮಟವಾಗಿ ತೆಗೆಯಲಿಲ್ಲ. ನಡುವೆ ಸೀಳಿ ಎರಡು ಹೋಳು ಮಾಡಿ ಟೇಬಲ್ ಮೇಲಿಟ್ಟೆವು.

ಫೆಸ್ಟ್ ಮುಗಿದ ಭಾನುವಾರ ನಾಲ್ವರೂ ಗುಮ್ಮಟಕ್ಕೆ ಹೋದೆವು. ಮಿನಾರಿನ ಮೆಟ್ಟಿಲು ಹತ್ತಿ, ಹತ್ತು ಅಡಿ ದಪ್ಪದ ಗೋಡೆ ದಾಟಿ ಗ್ಯಾಲರಿಗೆ ಬಂದೆವು. ಎಲ್ಲರೂ ಕೂಗುತ್ತಿದ್ದರು. ನಾವು ಮಾತ್ರ ಕಟಾಂಜನದ ಹತ್ತಿರ ನಿಂತು, ಕಾಲಡಿಯಲ್ಲಿ ಗೋಡೆ ಎಲ್ಲಿಗೆ ಮುಗಿದಿದೆ ಅಂತ ಲೆಕ್ಕ ಹಾಕುತ್ತಿದ್ದೆವು.