ನಿಂತ ಮುಟ್ಟು, ಓಡುವ ಹುಡುಗಿ

ನಮ್ಮ ಹಿಟ್ನಾಳದ ಕಡೆಯಲ್ಲಿ ಹೆಣ್ಣುಮಕ್ಕಳ ಮುಟ್ಟಿನ ಮಾತು ಅಡಿಗೆಮನೆಯ ಹೊಸ್ತಿಲನ್ನು ದಾಟುವುದು ಅಪರೂಪ. ದಾಟಿದರೂ 'ಹೊರಗಾದಳು' ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಹೀಗಿರಲು, ಹುಡುಗಿಯೊಬ್ಬಳು ತಿಂಗಳುಗಟ್ಟಲೆ ಹೊರಗಾಗದೆ ಇದ್ದರೆ ಅದನ್ನು ಹೇಳುವವರಾರು, ಕೇಳುವವರಾರು? ಓಟ, ಖೋ-ಖೋ, ಕಬಡ್ಡಿಗಳಲ್ಲಿ ತೊಡಗಿದ ಹುಡುಗಿಯರ ವಿಷಯದಲ್ಲಿ ಈ ಮೌನಕ್ಕೆ ಒಂದು ನಂಬಿಕೆಯೂ ಜೊತೆಯಾಗಿದೆ. ಕಠಿಣ ಅಭ್ಯಾಸ ಮಾಡುವವರಿಗೆ ಮುಟ್ಟು ನಿಲ್ಲುವುದು ಸಹಜವೆಂದೂ, ಮೈ ಹದಗೊಂಡುದಕ್ಕೆ ಅದೇ ಗುರುತೆಂದೂ ಹಲವರು ತಿಳಿದಿದ್ದಾರೆ.

ನಮ್ಮ ಓಣಿಯ ಹುಡುಗಿಯೊಬ್ಬಳಿಗೆ ಆಗ 16 ವರ್ಷ. ಅವಳು ಮೈನೆರೆದದ್ದು 13ರಲ್ಲಿ. ಮೊದಲೆರಡು ವರ್ಷ ದಿನಗಳು ಹಿಂದುಮುಂದಾಗಿ, ಆಮೇಲೆ ತಿಂಗಳು ತಪ್ಪದೆ ಮುಟ್ಟಾಗುತ್ತಿದ್ದಳು. 1500 ಮೀಟರ್ ಓಟದಲ್ಲಿ ಅವಳ ಕಾಲು ಚುರುಕು. ತೂಕ ಇಳಿದರೆ ವೇಗ ಹೆಚ್ಚುವುದೆಂದು ಯಾರೋ ಹೇಳಿದ್ದನ್ನು ನಂಬಿ ರಾತ್ರಿಯ ಊಟವನ್ನು ಬಿಟ್ಟಳು. ಮುಂಜಾನೆ ಬರಿ ಹೊಟ್ಟೆಯಲ್ಲಿಯೇ ಓಡತೊಡಗಿದಳು. ಐದು ತಿಂಗಳಾದ ಮೇಲೆ ಅವಳ ತಾಯಿ ನನ್ನಲ್ಲಿಗೆ ಬಂದು, "ಅಕ್ಕಾರ, ಓಡೋ ಹುಡುಗ್ಯಾರಿಗೆ ಮುಟ್ಟು ನಿಲ್ತೈತಿ ಅಂತಾರ, ಖರೇ ಏನ್ರಿ? ಈಗ ಮೊಣಕಾಲ ಕೆಳಗ ಒಂದ ಕಡೆ ಬ್ಯಾನಿ ಅಂತ ಅಳತಾಳ" ಎಂದಳು. ಮುಟ್ಟಿಗೂ ಕಾಲುನೋವಿಗೂ ಸಂಬಂಧವಿದ್ದೀತೆಂಬ ಶಂಕೆ ಆ ತಾಯಿಗೆ ಇರಲಿಲ್ಲ.

ಸಂಬಂಧವಿದೆ. ಮುಟ್ಟನ್ನು ನಿಲ್ಲಿಸುವುದು ಓಟವಲ್ಲ, ಓಟಕ್ಕೆ ತಕ್ಕ ಅನ್ನ ದೊರೆಯದಿರುವುದು. ಅಮೆರಿಕದ ಸಂಶೋಧಕಿ ಆನ್ ಲೌಕ್ಸ್ ಅವರು ತರುಣಿಯರಿಗೆ ಅಳೆದ ಆಹಾರ, ಅಳೆದ ವ್ಯಾಯಾಮ ಕೊಟ್ಟು ಪರೀಕ್ಷಿಸಿದರು. ವ್ಯಾಯಾಮಕ್ಕೆ ಖರ್ಚಾದುದನ್ನು ಕಳೆದು ಉಳಿದ ಆಹಾರಶಕ್ತಿಯು, ಕೊಬ್ಬು ಬಿಟ್ಟು ಉಳಿದ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 30 ಕ್ಯಾಲೊರಿಗಿಂತ ಕಡಮೆಯಾದಾಗ, ಮುಟ್ಟನ್ನು ನಡೆಸುವ ಮಿದುಳಿನ ಆಜ್ಞೆ ಐದೇ ದಿನಗಳಲ್ಲಿ ಕುಂದಿತೆಂದು 2003ರಲ್ಲಿ ಪ್ರಕಟಿಸಿದರು. 45ರ ಸುಮಾರಿಗೆ ಇದ್ದರೆ ದೇಹಕ್ಕೆ ಕೊರತೆಯಿಲ್ಲ. ಈ ಗೆರೆ ಎಲ್ಲರಿಗೂ ಒಂದೇ ಎನ್ನುವಂತಿಲ್ಲ. ಆದರೂ ಅಂದಾಜಿಗೆ ಸಾಕು.

ನಮ್ಮ ಹುಡುಗಿಯ ಲೆಕ್ಕ ನೋಡೋಣ. ತೂಕ 44 ಕಿಲೋ. ಕೊಬ್ಬು ಕಳೆದರೆ ಸುಮಾರು 36. ಉಣ್ಣುವುದು 1500 ಕ್ಯಾಲೊರಿ, ಓಟಕ್ಕೆ ಹೋಗುವುದು 500. ಉಳಿದ 1000ವನ್ನು 36ರಿಂದ ಭಾಗಿಸಿದರೆ 28. ಇಷ್ಟು ಬಡತನದಲ್ಲಿ ದೇಹವು ಜಾಣ ಗೃಹಿಣಿಯಂತೆ, ಇಂದು ಬೇಡವಾದ ವೆಚ್ಚವನ್ನು ಮೊದಲು ನಿಲ್ಲಿಸುತ್ತದೆ; ಸಂತಾನದ ಸಿದ್ಧತೆಯೇ ಆ ವೆಚ್ಚ. 45ಕ್ಕೆ ಏರಿಸಲು ದಿನಕ್ಕೆ 600ರಷ್ಟು ಹೆಚ್ಚು ಬೇಕು: ಎರಡು ಜೋಳದ ರೊಟ್ಟಿ, ಪಲ್ಯ, ಒಂದು ಹಿಡಿ ಶೇಂಗಾ, ಒಂದು ಲೋಟ ಹಾಲು. ಅವಳು ಬಿಟ್ಟ ರಾತ್ರಿಯೂಟವೇ ಅದು!

ಮುಟ್ಟು ನಿಂತಾಗ ಈಸ್ಟ್ರೋಜನ್ ಎಂಬ ರಸವೂ ಇಳಿಯುತ್ತದೆ. ಎಲುಬನ್ನು ಕಾಯುವುದು ಆ ರಸವೇ. ಬಾರ್ಬರಾ ಡ್ರಿಂಕ್‌ವಾಟರ್ ಅವರು 1984ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮುಟ್ಟು ನಿಂತ 25ರ ಸುಮಾರಿನ ಕ್ರೀಡಾಪಟುಗಳ ಬೆನ್ನೆಲುಬು 51 ವರ್ಷದ ಹೆಂಗಸಿನದರಷ್ಟು ಸವೆದಿತ್ತು. ಎಲುಬಿನ ಬಹುಪಾಲು ಸಂಪತ್ತು ಕೂಡುವುದು ಹರೆಯದಲ್ಲಿಯೇ ಆದುದರಿಂದ ಆಗ ಆದ ನಷ್ಟ ಪೂರ್ತಿ ತುಂಬದೆ ಉಳಿಯಬಹುದು. ಬೆರಳಿಟ್ಟು ತೋರಿಸುವಂಥ ಒಂದೇ ಜಾಗದ ನೋವು, ಓಡುವಾಗ ಹೆಚ್ಚಿ ಕೊನೆಗೆ ರಾತ್ರಿಯೂ ಬಿಡದಿದ್ದರೆ, ಎಲುಬಿನಲ್ಲಿ ಕೂದಲೆಳೆಯ ಬಿರುಕೆಂದು ಸಂಶಯಿಸಬೇಕು. ಮೊದಲ ವಾರಗಳಲ್ಲಿ ಅದು ಎಕ್ಸ್-ರೇಯಲ್ಲಿ ಕಾಣದಿರುವುದೂ ಉಂಟು.

ಹಾಗಾದರೆ ಎಂದು ವೈದ್ಯರನ್ನು ಕಾಣಬೇಕು? ಮೈನೆರೆದ ಮೊದಲೆರಡು ವರ್ಷ ಒಂದು ಮುಟ್ಟಿನಿಂದ ಇನ್ನೊಂದಕ್ಕೆ 45 ದಿನಗಳವರೆಗೆ ಹೋದರೂ, ಪರೀಕ್ಷೆಯ ಗಡಿಬಿಡಿಯಲ್ಲಿ ಒಂದು ಬಾರಿ ತಪ್ಪಿದರೂ ಹೆದರಬೇಕಿಲ್ಲ. ಆದರೆ 15 ತುಂಬಿದರೂ ಮೈನೆರೆಯದಿದ್ದರೆ, ಅಥವಾ ಸರಿಯಾಗಿ ಬರುತ್ತಿದ್ದ ಮುಟ್ಟು ಮೂರು ತಿಂಗಳು ನಿಂತರೆ, ಕಾಯಬಾರದು. ಎಲ್ಲವನ್ನೂ ಓಟದ ತಲೆಗೆ ಕಟ್ಟುವುದೂ ಸಲ್ಲದು. ಗರ್ಭ, ಥೈರಾಯ್ಡ್ ದೋಷ, ಅಂಡಾಶಯದ ತೊಂದರೆ, ಗರ್ಭಕೋಶದ ಕ್ಷಯ ಇವುಗಳಲ್ಲಿ ಯಾವುದೂ ಅಲ್ಲವೆಂದು ಮೊದಲು ಪರೀಕ್ಷೆಯಿಂದ ನಿಶ್ಚಯವಾಗಬೇಕು. ಔಷಧದಂಗಡಿಯಿಂದ ತಂದ ಗುಳಿಗೆಯಿಂದ ರಕ್ತಸ್ರಾವವಾಯಿತೆಂದು ಸಮಾಧಾನ ಪಡುವುದಂತೂ ಅಪಾಯ. ಗುರುತು ಮರಳಿತೇ ಹೊರತು ಹಸಿವು ನೀಗಲಿಲ್ಲ.

ಕೊಪ್ಪಳದ ವೈದ್ಯೆಯೊಬ್ಬರು ಆ ಹುಡುಗಿಯನ್ನು ಪರೀಕ್ಷಿಸಿ ಬೇರೆ ರೋಗವಿಲ್ಲವೆಂದರು. ಮೊಣಕಾಲ ಕೆಳಗಿನ ಎಲುಬಿನಲ್ಲಿ ಬಿರುಕು ಇತ್ತು. ಎಂಟು ವಾರ ಓಟ ನಿಂತಿತು, ರಾತ್ರಿಯೂಟ ಮರಳಿತು, ಓಟಕ್ಕೆ ಮುಂಚೆ ಬಾಳೆಹಣ್ಣು ಸೇರಿತು. ಕಾಲು ಮೊದಲು ಗುಣವಾಯಿತು. ಮುಟ್ಟು ಬರಲು ಏಳು ತಿಂಗಳು ಹಿಡಿಯಿತು. ಈಗ ಆ ಮನೆಯ ಗೋಡೆಯ ಕ್ಯಾಲೆಂಡರಿನಲ್ಲಿ ತಿಂಗಳಿಗೊಂದು ಕೆಂಪು ಚುಕ್ಕೆ ಬೀಳುತ್ತದೆ. ಅದನ್ನು ಇಡುವವಳು ಮಗಳು, ಎಣಿಸುವವಳು ತಾಯಿ.